ಮೊದಲು ಒಂದು ಅಳತೆಯ ಜಗ್ ತನ್ನಿ

ಪ್ರಶ್ನೆ: ನನ್ನ ತಂದೆಗೆ 69 ವರ್ಷ. ಮೂತ್ರದ ಧಾರೆ ಸಣ್ಣಗಾಗಿದೆ, ರಾತ್ರಿ ನಾಲ್ಕು ಸಲ ಏಳುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ 48 ಗ್ರಾಂ ಎಂದು ಬಂದಿದೆ. ಎರಡು ತಿಂಗಳಿಂದ ಮಾತ್ರೆ ನುಂಗುತ್ತಿದ್ದಾರೆ. ಧಾರೆ ಸ್ವಲ್ಪ ಸುಧಾರಿಸಿದೆ, ರಾತ್ರಿ ಏಳುವುದು ಮಾತ್ರ ನಿಂತಿಲ್ಲ. ಆಪರೇಷನ್ ಮಾಡಿಸಲೇಬೇಕೇ?

ಉತ್ತರ: ನಾನು ಮೂತ್ರರೋಗ ತಜ್ಞ. ರಿಪೋರ್ಟಿನ ಲಕೋಟೆಯನ್ನು ಮೇಜಿನ ಮೇಲಿಟ್ಟು, ‘ಇಷ್ಟು ಗ್ರಾಂ ಆಗಿದೆಯಂತೆ ಡಾಕ್ಟ್ರೇ’ ಎಂದು ಗಾಬರಿಯಿಂದ ಕೇಳುವ ಮಕ್ಕಳನ್ನು ವಾರಕ್ಕೆ ಹತ್ತು ಮಂದಿಯನ್ನಾದರೂ ನೋಡುತ್ತೇನೆ. ಆ 48ನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹರೆಯದಲ್ಲಿ ಸುಮಾರು 20 ಗ್ರಾಂ ಇರುವ ಈ ಗ್ರಂಥಿ ವಯಸ್ಸಾದಂತೆ ಬೆಳೆಯುವುದು ಸಹಜ. ಅದು ಕ್ಯಾನ್ಸರ್ ಅಲ್ಲ. 80 ಗ್ರಾಂ ಇಟ್ಟುಕೊಂಡು ಆರಾಮವಾಗಿರುವವರಿದ್ದಾರೆ, 30 ಗ್ರಾಮಿಗೇ ಮೂತ್ರ ಕಟ್ಟಿ ಬಂದವರಿದ್ದಾರೆ. ಗ್ರಂಥಿ ಹೊರಕ್ಕೆ ಎಷ್ಟು ಬೆಳೆದಿದೆ ಎನ್ನುವುದಕ್ಕಿಂತ, ನಡುವೆ ಹಾದುಹೋಗುವ ಮೂತ್ರನಾಳವನ್ನು ಎಷ್ಟು ಹಿಸುಕುತ್ತಿದೆ ಎನ್ನುವುದೇ ಮುಖ್ಯ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಮಾತು: ಧಾರೆ ಸುಧಾರಿಸಿದೆ, ರಾತ್ರಿಯ ಕಾಟ ಹಾಗೇ ಇದೆ. ಇವೆರಡೂ ಒಂದೇ ಕಾಯಿಲೆಯಾಗಿದ್ದರೆ ಎರಡೂ ಸ್ವಲ್ಪವಾದರೂ ಇಳಿಯಬೇಕಿತ್ತು.

ಕಳೆದ ವರ್ಷ 71ರ ಒಬ್ಬ ನಿವೃತ್ತ ಮೇಷ್ಟ್ರು ಇದೇ ಕಥೆ ಹೇಳಿಕೊಂಡು ಬಂದರು. ಬೇರೊಂದು ಕಡೆ ಆಪರೇಷನ್‌ಗೆ ದಿನವೂ ನಿಗದಿಯಾಗಿತ್ತು. ನಾನು ಅವರಿಗೆ ಅಡುಗೆಮನೆಯ ಅಳತೆಯ ಜಗ್ಗಿನಂಥದ್ದೇ ಒಂದು ಪ್ಲಾಸ್ಟಿಕ್ ಜಗ್ ತೆಗೆದುಕೊಂಡು, ಅದನ್ನು ಬಚ್ಚಲಿನಲ್ಲೇ ಇಟ್ಟು, ಮೂರು ದಿನ ಪ್ರತಿ ಸಲವೂ ಮೂತ್ರವನ್ನು ಅಳೆದು, ಗಂಟೆ ಸಮೇತ ಬರೆದಿಡಲು ಹೇಳಿದೆ. ಎಷ್ಟು ಕುಡಿದರು, ಯಾವಾಗ ಮಲಗಿದರು ಎಂಬುದೂ ಅದರಲ್ಲಿರಬೇಕು. ಮೇಷ್ಟ್ರಲ್ಲವೇ, ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು ತಂದರು.

ಅದರಲ್ಲಿ ಒಂದು ದಿನದ ಲೆಕ್ಕ ಹೀಗಿತ್ತು. ಬೆಳಿಗ್ಗೆಯಿಂದ ರಾತ್ರಿ ಹತ್ತಕ್ಕೆ ಮಲಗುವವರೆಗೆ ಒಟ್ಟು 800 ಮಿಲಿ. ಆಮೇಲೆ ಹನ್ನೆರಡಕ್ಕೆ 250, ಎರಡಕ್ಕೆ 280, ನಾಲ್ಕಕ್ಕೆ 220, ಆರೂಕಾಲಿಗೆ ಎದ್ದಾಗ 250. ಬೆಳಗಿನ ಮೊದಲ ಮೂತ್ರವೂ ರಾತ್ರಿಯ ಖಾತೆಗೇ ಸೇರುತ್ತದೆ, ಏಕೆಂದರೆ ಅದು ನಿದ್ದೆಯಲ್ಲಿ ತಯಾರಾದದ್ದು. ಹಾಗಾಗಿ ರಾತ್ರಿಗೆ 1000, ಹಗಲು ರಾತ್ರಿ ಸೇರಿ 1800. ಅರ್ಧಕ್ಕಿಂತ ಹೆಚ್ಚು ರಾತ್ರಿಯೇ. ಈ ವಯಸ್ಸಿನಲ್ಲಿ ಮೂರನೇ ಒಂದು ಭಾಗ ದಾಟಿದರೆ ರಾತ್ರಿ ಮೂತ್ರ ಹೆಚ್ಚು ಉತ್ಪತ್ತಿಯಾಗುತ್ತಿದೆ ಎಂದೇ ಅರ್ಥ. ಅವರ ಮೂತ್ರಚೀಲ ಸರಿಯಾಗಿಯೇ ತುಂಬುತ್ತಿತ್ತು, ಸರಿಯಾಗಿಯೇ ಖಾಲಿಯಾಗುತ್ತಿತ್ತು. ಮೂತ್ರ ಮಾಡಿದ ಮೇಲೆ ಸ್ಕ್ಯಾನ್‌ನಲ್ಲಿ ಉಳಿದದ್ದು 40 ಮಿಲಿ ಅಷ್ಟೇ. ಪ್ರಾಸ್ಟೇಟನ್ನು ಕೊರೆದು ತೆಗೆದಿದ್ದರೂ ಮೂತ್ರಪಿಂಡಗಳು ರಾತ್ರಿ ಲೀಟರುಗಟ್ಟಲೆ ಕಳಿಸುವುದನ್ನು ನಿಲ್ಲಿಸುತ್ತಿರಲಿಲ್ಲ.

ನೀರು ಎಲ್ಲಿಂದ ಬಂತು? ಪಂಚೆ ಸ್ವಲ್ಪ ಮೇಲೆತ್ತಿ ಎಂದೆ. ಹೆಬ್ಬೆರಳಿನಿಂದ ಒತ್ತಿದರೆ ಕಣಕಾಲಿನಲ್ಲಿ ಗುಳಿ ಬಿತ್ತು. ರಕ್ತದೊತ್ತಡಕ್ಕೆ ಆಮ್ಲೊಡಿಪಿನ್ 10 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದರು. ಆ ಮಾತ್ರೆಗೆ ಕಾಲು ಊದಿಸುವ ಗುಣವಿದೆ. ಹಗಲಿಡೀ ಕಾಲಿನಲ್ಲಿ ನಿಂತ ನೀರು, ಮಲಗಿದೊಡನೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಜೊತೆಗೆ ಊಟದ ಕೊನೆಗೆ ಎರಡು ಲೋಟ ಉಪ್ಪು ಹಾಕಿದ ಮಜ್ಜಿಗೆ, ಮಲಗುವಾಗ ಹಾಲು. ಹೃದಯ ಮತ್ತು ಮೂತ್ರಪಿಂಡದ ಪರೀಕ್ಷೆ ಸರಿಯಿತ್ತು, ಸಕ್ಕರೆಯೂ ಸರಿಯಿತ್ತು. ಅವರ ಫಿಸಿಷಿಯನ್ ಒತ್ತಡದ ಮಾತ್ರೆ ಬದಲಿಸಿದರು. ಮಧ್ಯಾಹ್ನ ಒಂದು ಗಂಟೆ ಕಾಲನ್ನು ದಿಂಬಿನ ಮೇಲಿಟ್ಟು ಮಲಗುವುದು, ಉಪ್ಪು ಕಡಿಮೆ, ಸಂಜೆ ಆರರ ಮೇಲೆ ಕುಡಿಯುವುದು ಮಿತ. ಒಂದೂವರೆ ತಿಂಗಳಲ್ಲಿ ಏಳುವುದು ಒಂದು ಸಲಕ್ಕೆ ಇಳಿಯಿತು. ಎಲ್ಲರಿಗೂ ಇಷ್ಟು ಸಲೀಸಾಗಿ ಇಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವವರಿಗೂ ರಾತ್ರಿ ಮೂತ್ರ ಹೆಚ್ಚುತ್ತದೆ. ಅದನ್ನು ನಿಮ್ಮ ತಾಯಿಯನ್ನು ಕೇಳಿ, ತಂದೆಗೆ ಗೊತ್ತಿರುವುದಿಲ್ಲ.

ಇನ್ನು ಪಟ್ಟಿ ಬೇರೆ ಥರ ಬಂದರೆ? ಹಗಲೂ ರಾತ್ರಿಯೂ ಪ್ರತಿ ಸಲ 80, 100 ಮಿಲಿ ಮಾತ್ರ, ಮೂತ್ರ ಮಾಡಿದ ಮೇಲೂ ಒಳಗೆ 200ಕ್ಕಿಂತ ಹೆಚ್ಚು ಉಳಿಯುತ್ತಿದೆ ಎಂದಾದರೆ ಮಾತು ಪ್ರಾಸ್ಟೇಟ್ ಕಡೆಗೆ ತಿರುಗುತ್ತದೆ. ಆಗ ಯುರೋಫ್ಲೋ ಪರೀಕ್ಷೆ ನೋಡಬೇಕು. ಯಂತ್ರಕ್ಕೆ ಜೋಡಿಸಿದ ಆಲಿಕೆಯೊಳಗೆ ಮೂತ್ರ ಮಾಡಿದರೆ ಸಾಕು. ಧಾರೆಯ ಗರಿಷ್ಠ ವೇಗ ಸೆಕೆಂಡಿಗೆ 15 ಮಿಲಿ ದಾಟಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 10ಕ್ಕಿಂತ ಕೆಳಗಿದ್ದರೆ ಅಡ್ಡಿಯಿರುವ ಸಾಧ್ಯತೆ ಹೆಚ್ಚು. ಆದರೆ ಕನಿಷ್ಠ 150 ಮಿಲಿ ಆದರೂ ಮೂತ್ರ ಬಂದಿರಬೇಕು, ಇಲ್ಲದಿದ್ದರೆ ಯಂತ್ರ ಎಳೆಯುವ ಗೆರೆಗೆ ಬೆಲೆಯಿಲ್ಲ. ಸರದಿಯಲ್ಲಿ ಕಾಯುತ್ತಾ ಅವಸರಕ್ಕೆ ಅರ್ಧ ತುಂಬಿದ ಚೀಲದಲ್ಲೇ ಮಾಡಿಸಿಕೊಂಡ ರಿಪೋರ್ಟುಗಳನ್ನು ನಾನು ಪಕ್ಕಕ್ಕಿಟ್ಟು ಮತ್ತೆ ಮಾಡಿಸುತ್ತೇನೆ.

ಅಡ್ಡಿ ನಿಜವೆಂದಾದರೂ ಮೊದಲು ಮಾತ್ರೆಯೇ. ನಿಮ್ಮ ತಂದೆ ತೆಗೆದುಕೊಳ್ಳುತ್ತಿರುವುದು ಬಹುಶಃ ಟ್ಯಾಮ್ಸುಲೋಸಿನ್ ಇರಬೇಕು. ಅದು ಗ್ರಂಥಿಯನ್ನು ಕುಗ್ಗಿಸುವುದಿಲ್ಲ, ಅಲ್ಲಿನ ಸ್ನಾಯುವನ್ನು ಸಡಿಲಿಸುತ್ತದೆ. ಅದಕ್ಕೇ ವಾರದೊಳಗೇ ಧಾರೆಯಲ್ಲಿ ವ್ಯತ್ಯಾಸ ಕಾಣುತ್ತದೆ. ರಾತ್ರಿ ದಡಕ್ಕನೆ ಎದ್ದರೆ ತಲೆ ಸುತ್ತಬಹುದು, ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತು ಏಳಲಿ. ಕಣ್ಣಿನ ಪೊರೆ ಆಪರೇಷನ್ ಇದ್ದರೆ ಈ ಮಾತ್ರೆಯ ಹೆಸರನ್ನು ಕಣ್ಣಿನ ಡಾಕ್ಟರಿಗೆ ತಪ್ಪದೆ ಹೇಳಬೇಕು, ಏಕೆಂದರೆ ಪಾಪೆಯ ಸುತ್ತಲಿನ ಬಣ್ಣದ ಭಾಗ ಸಡಿಲಗೊಂಡು ಅವರಿಗೆ ಕಷ್ಟವಾಗುತ್ತದೆ. ಗ್ರಂಥಿಯನ್ನೇ ಕುಗ್ಗಿಸುವುದು ಡ್ಯುಟಾಸ್ಟರೈಡ್, ಫಿನಾಸ್ಟರೈಡ್. ಅವುಗಳ ಫಲ ನೋಡಲು ಆರು ತಿಂಗಳು ತಾಳ್ಮೆ ಬೇಕು. ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವಿಗಾಗಿ ನೋಡುವ ರಕ್ತದ ಪಿಎಸ್ಎ ಅಂಕಿಯನ್ನು ಅವು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಮುಂದೆ ಯಾರಾದರೂ ಆ ಪರೀಕ್ಷೆ ನೋಡಿ ‘ಪರವಾಗಿಲ್ಲ’ ಎನ್ನುವ ಮೊದಲು ಈ ಮಾತ್ರೆಯ ವಿಷಯ ಅವರ ಕಿವಿಗೆ ಬಿದ್ದಿರಬೇಕು.

ಆಪರೇಷನ್ ಬೇಕೇ ಬೇಕು ಎಂದು ನಾನು ಹೇಳುವುದು ಕೆಲವೇ ಸಂದರ್ಭಗಳಲ್ಲಿ: ಮೂತ್ರ ಕಟ್ಟಿದ್ದಕ್ಕೆ ಹಾಕಿದ ನಳಿಕೆಯನ್ನು ತೆಗೆದ ಮೇಲೂ ಮತ್ತೆ ಕಟ್ಟಿದರೆ, ಚೀಲದಲ್ಲಿ ಕಲ್ಲಾಗಿದ್ದರೆ, ಪದೇ ಪದೇ ಸೋಂಕು ಅಥವಾ ರಕ್ತ ಬಂದರೆ, ಒತ್ತಡ ಹಿಂದಕ್ಕೆ ಹೊಡೆದು ಮೂತ್ರಪಿಂಡ ಊದಿಕೊಂಡಿದ್ದರೆ. ಮಾತ್ರೆಯಿಂದ ಸಾಕಷ್ಟು ಗುಣವಾಗದೆ ಬೇಸತ್ತವರೂ ಮಾಡಿಸಿಕೊಳ್ಳುತ್ತಾರೆ, ಅದು ಅವರ ಆಯ್ಕೆ. ವಿದ್ಯುತ್ ತಂತಿಯಿಂದ ಗ್ರಂಥಿಯನ್ನು ಕೆರೆದು ತೆಗೆಯುವ ಟಿಯುಆರ್‌ಪಿಯಾಗಲಿ ಲೇಸರ್ ಆಗಲಿ, ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರನಾಳದ ಮೂಲಕವೇ ಹೋಗಿ, ಕಿತ್ತಳೆಯ ಸಿಪ್ಪೆ ಉಳಿಸಿ ಒಳಗಿನ ತೊಳೆಗಳನ್ನು ತೆಗೆದ ಹಾಗೆ. ಸಿಪ್ಪೆ ಉಳಿಯುವುದರಿಂದ ಮುಂದೆಯೂ ತಪಾಸಣೆ ಬೇಕಾಗುತ್ತದೆ. ಆಮೇಲೆ ಬಹುತೇಕರಲ್ಲಿ ವೀರ್ಯ ಹೊರಗೆ ಬರದೆ ಚೀಲಕ್ಕೆ ಹೋಗುತ್ತದೆ. ಅದರಿಂದ ಅಪಾಯವಿಲ್ಲ, ಆದರೆ ಮುಂಚೆಯೇ ಹೇಳದಿದ್ದರೆ ಗಂಡ ಹೆಂಡತಿ ಇಬ್ಬರೂ ಗಾಬರಿಯಾಗುತ್ತಾರೆ. ಮಕ್ಕಳು ಎದುರಿಗಿರುವಾಗ ಅಪ್ಪಂದಿರು ಇದನ್ನು ಕೇಳುವುದಿಲ್ಲ, ಹಾಗಾಗಿ ಐದು ನಿಮಿಷ ನೀವು ಹೊರಗೆ ಕುಳಿತಿರಿ.

ಈ ನಡುವೆ ಒಂದು ಎಚ್ಚರಿಕೆ. ನೆಗಡಿಯಾಯಿತೆಂದು ಔಷಧಿ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗಲು ಬಿಡಬೇಡಿ. ಮೂಗು ಕಟ್ಟುವುದನ್ನು ಬಿಡಿಸುವ, ನಿದ್ದೆ ತರಿಸುವ ಅಂಶಗಳಿರುವ ಮಾತ್ರೆಗಳು ಇಂಥವರಲ್ಲಿ ಮೂತ್ರವನ್ನು ಪೂರ್ತಿ ಕಟ್ಟಿಬಿಡಬಲ್ಲವು. ಹಾಗೇನಾದರೂ ಒಂದು ತೊಟ್ಟೂ ಬಾರದೆ ಕಿಬ್ಬೊಟ್ಟೆ ಬಿಗಿದು ನೋಯತೊಡಗಿದರೆ ನೀರು ಕುಡಿಸಿ ಕಾಯಬೇಡಿ, ಆ ಹೊತ್ತಿಗೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ನಳಿಕೆ ಹಾಕಿಸಿ. ಅಂಥದ್ದೇನೂ ಇಲ್ಲದಿದ್ದರೆ ನಾಳೆ ಬೆಳಿಗ್ಗೆಯಿಂದ ಜಗ್ ಹಿಡಿದು ಪಟ್ಟಿ ಶುರುಮಾಡಿ, ಸಂಜೆ ಹೊತ್ತು ಅವರ ಕಣಕಾಲನ್ನು ಒಮ್ಮೆ ಒತ್ತಿ ನೋಡಿ, ಅವರು ನುಂಗುವ ಎಲ್ಲಾ ಮಾತ್ರೆಗಳ ಹಾಳೆಗಳನ್ನೂ ಪಟ್ಟಿಯ ಜೊತೆ ನಿಮ್ಮ ಡಾಕ್ಟರ ಮುಂದಿಡಿ.