ಐವತ್ತು ಪೇಪರ್, ಮೂರು ವಾರ: ಒಂದು ಆಪ್ತಸಲಹೆ ಪ್ರಕರಣ

ರಮ್ಯಾ (ಹೆಸರು ಬದಲಿಸಿದೆ) ರಸಾಯನಶಾಸ್ತ್ರದ ಎಂಎಸ್ಸಿ ವಿದ್ಯಾರ್ಥಿನಿ. ಬೋರ್‌ವೆಲ್ ನೀರಿನ ಫ್ಲೋರೈಡನ್ನು ತಮ್ಮ ಮೇಲ್ಮೈಗೆ ಹಿಡಿದು ತೆಗೆಯುವ ಅಡ್ಸಾರ್ಬೆಂಟ್‌ಗಳ ಮೇಲೆ ಪ್ರಬಂಧ. ಗೈಡ್ ಐವತ್ತು ಪೇಪರ್ ಕೊಟ್ಟು, ಮೂರು ವಾರದಲ್ಲಿ ಲಿಟರೇಚರ್ ರಿವ್ಯೂ ಕೇಳಿದ್ದರು. “ನಿದ್ದೇನೇ ಬರ್ತಿಲ್ಲ ಮೇಡಂ” ಎನ್ನುತ್ತಾ ಬಂದಳು.

ಆಕೆ ತಂದಿದ್ದ ಪ್ರಿಂಟ್ ನೋಡಿದೆ. ಮೊದಲ ಸಾಲಿನಿಂದ ಕೊನೆಯವರೆಗೂ ಹಳದಿ ಗೆರೆ. ಎಲ್ಲವೂ ಮುಖ್ಯ ಅನ್ನಿಸುತ್ತಿದೆ ಅಂದರೆ, ಏನು ಹುಡುಕುತ್ತಿದ್ದೇನೆ ಅನ್ನುವುದು ಇನ್ನೂ ಗೊತ್ತಾಗಿಲ್ಲ ಎಂದೇ ಅರ್ಥ. ಹಾಗಾಗಿ ಪ್ರಬಂಧದ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಲು ಹೇಳಿದೆ. ಸುಮಾರು ಹೊತ್ತು ಹೊಡೆದು ತಿದ್ದಿ ಬರೆದಳು: ‘ಲ್ಯಾಬ್‌ನಲ್ಲಿ ಚೆನ್ನಾಗಿ ಫ್ಲೋರೈಡ್ ಹಿಡಿಯುವ ವಸ್ತು ನಿಜವಾದ ಬೋರ್‌ವೆಲ್ ನೀರಿನಲ್ಲೂ ಹಿಡಿಯುತ್ತದಾ?’

ಜರಡಿ ಅಲ್ಲೇ ಸಿಕ್ಕಿತು. ಎಷ್ಟೋ ಪ್ರಯೋಗಗಳು ಡಿಸ್ಟಿಲ್ಡ್ ನೀರಿಗೆ ಫ್ಲೋರೈಡ್ ಬೆರೆಸಿ ನಡೆದಿರುತ್ತವೆ. ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ, ಅದೂ ಆ ಮೇಲ್ಮೈಯ ಜಾಗಕ್ಕೆ ಪೈಪೋಟಿ ಮಾಡುತ್ತದೆ ಎಂದು ಆಕೆಯೇ ವಿವರಿಸಿದಳು. ಹಾಗಾದರೆ ಪ್ರತಿ ಪೇಪರಿಗೂ ಮೊದಲು ಕೇಳಬೇಕಾದ್ದು ‘ಯಾವ ನೀರು?’ ಅಂತ.

ಮೊದಲ ಸುತ್ತಿನಲ್ಲಿ ಪೇಪರಿಗೆ ಹತ್ತು ನಿಮಿಷ ಮಾತ್ರ. ಸಾರಾಂಶ, ಚಿತ್ರ, ಕೋಷ್ಟಕ, ಕೊನೆಯ ಪ್ಯಾರಾ ನೋಡಿ, ‘ಯಾವ ನೀರು’ ಎಂದು ತಿಳಿಯಲು ಪ್ರಯೋಗವಿಧಾನದಲ್ಲಿ ಕಣ್ಣಾಡಿಸುವುದು. ಐವತ್ತಕ್ಕೆ ಒಟ್ಟು ಎಂಟು ಗಂಟೆ ಇಪ್ಪತ್ತು ನಿಮಿಷ. ದಿನಕ್ಕೆ ಮೂರು ಗಂಟೆ ಸಿಗುತ್ತಿತ್ತು, ಮೂರು ದಿನದ ಕೆಲಸ. ಆಮೇಲೆ ಮೂರು ಗುಂಪು: ಪೂರ್ತಿ ಓದಬೇಕಾದ ಎಂಟು, ತಲಾ ಮೂರು ಗಂಟೆ, ವಿಧಾನ ಮತ್ತು ಫಲಿತಾಂಶ ಮಾತ್ರ ಓದುವ ಹದಿನೈದು, ತಲಾ ಒಂದು ಗಂಟೆ, ಉಳಿದವಕ್ಕೆ ಮೊದಲ ಸುತ್ತಿನಲ್ಲೇ ಬರೆದ ಒಂದು ಸಾಲು ಸಾಕು. ಎಲ್ಲ ಸೇರಿ ನಲವತ್ತೇಳು ಗಂಟೆ ಚಿಲ್ಲರೆ. ಮೂರು ವಾರದ ಅರವತ್ಮೂರರಲ್ಲಿ ಬರೆಯಲು ಉಳಿಯುವುದು ಹದಿನಾರು ಗಂಟೆಯೂ ಇಲ್ಲ. ಬಿಗಿ ಲೆಕ್ಕವೇ. ಅದಕ್ಕೇ ಮೊದಲ ಗುಂಪಿಗೆ ಒಂಬತ್ತನೆಯದು ಬರಬೇಕಾದರೆ ಒಂದು ಕೆಳಗಿಳಿಯಬೇಕು ಎಂದು ಹಟ ಹಿಡಿದೆ.

ಟಿಪ್ಪಣಿಗೆ ಒಂದು ಎಕ್ಸೆಲ್ ಶೀಟ್: ಯಾವ ವಸ್ತು, ಯಾವ ನೀರು, ಪಿಎಚ್, ಆರಂಭದ ಫ್ಲೋರೈಡ್ ಪ್ರಮಾಣ, ಹಿಡಿದದ್ದೆಷ್ಟು. ಆರಂಭದ ಪ್ರಮಾಣ ಬಿಟ್ಟರೆ ಕೊನೆಯ ಅಂಕಿ ದಾರಿ ತಪ್ಪಿಸುತ್ತದೆ. ಲೀಟರಿಗೆ 50 ಮಿಲಿಗ್ರಾಂ ಇದ್ದಾಗ ಬಂದ ಅಂಕಿಯನ್ನು 5 ಇದ್ದಾಗಿನದಕ್ಕೆ ಸುಮ್ನೆ ಹೋಲಿಸುವ ಹಾಗಿಲ್ಲ, ಅಲ್ವಾ? ಶೀಟ್ ತುಂಬುವಾಗ ಪೇಪರ್ ಮುಚ್ಚಿಟ್ಟು, ತನ್ನ ಮಾತಲ್ಲೇ ಎರಡು ಸಾಲು ಬರೆಯಬೇಕು. ಸಾರಾಂಶದ ವಾಕ್ಯವೇ ಇಳಿದು ಬಂದರೆ ಓದಿದ್ದು ಹತ್ತಿಲ್ಲ.

ಎರಡನೇ ವಾರ ಬಂದಾಗ ನಿದ್ದೆ ಸುಮಾರಾಗಿತ್ತು. ಆದರೆ ಕೈಬಿಟ್ಟಿದ್ದ ಒಂದು ಹಳೇ ಪೇಪರನ್ನು ಮೊದಲ ಗುಂಪಿನ ಐದು ಪೇಪರ್‌ಗಳು ಉಲ್ಲೇಖಿಸಿದ್ದವು. ಅದನ್ನು ಮೇಲಕ್ಕೆ ತಂದು, ಡಿಸ್ಟಿಲ್ಡ್ ನೀರಿನದೊಂದನ್ನು ಇಳಿಸಿದೆವು. ಗುಂಪು ಮಾಡಿದ ಪಟ್ಟಿಯನ್ನು ಓದು ಮುಗಿಯುವ ಮೊದಲೇ ಗೈಡ್‌ಗೆ ತೋರಿಸು ಎಂದೆ. ಅವರು ಎರಡು ಪೇಪರ್ ಅದಲುಬದಲು ಮಾಡಿ, ಉಳಿದದ್ದಕ್ಕೆ ಒಪ್ಪಿದರು.