ಏಕರೂಪ ನಾಗರಿಕ ಸಂಹಿತೆ ಚರ್ಚೆಗೆ ಮರುವಾದ ಹೇಗೆ ತಯಾರಿ ಮಾಡಲಿ?

ಪ್ರಶ್ನೆ: ಹಾಸನದಲ್ಲಿ ಬಿ.ಎ. ಓದ್ತಿದ್ದೀನಿ. ಇಂಟರ್ನಲ್ಸ್‌ಗೆ ಈ ವಿಷಯದ ಮೇಲೆ ಚರ್ಚೆ ಇದೆ, ನಾನು ಪರ. ಎದುರಾಳಿಗೆ ಉತ್ತರ ಹೇಗೆ ಸಿದ್ಧಮಾಡ್ಕೊಳ್ಳಲಿ?

ಉತ್ತರ: ಮೊದಲು ನಿಮ್ಮದೇ ವಾದವನ್ನು ಎದುರಾಳಿಯಂತೆ ಒಡೆದು ನೋಡಿ. ಪರ ಮಾತಾಡುವವರು ಸಾಮಾನ್ಯವಾಗಿ "ಗೋವಾದಲ್ಲಿ ಈಗಾಗಲೇ ಇದೆ" ಅಂತ ಶುರು ಮಾಡುತ್ತಾರೆ. ವಿರೋಧಿ ಓದಿಕೊಂಡು ಬಂದಿದ್ದರೆ ಅಲ್ಲೇ ಹಿಡಿಯುತ್ತಾನೆ: ಪೋರ್ಚುಗೀಸರ ಕಾಲದ ಆ ಕಾನೂನಿನಲ್ಲಿ, ಹೆಂಡತಿಗೆ ನಿಗದಿತ ವಯಸ್ಸಿನೊಳಗೆ ಮಕ್ಕಳಾಗದಿದ್ದರೆ ಹಿಂದೂ ಗಂಡಸಿಗೆ ಎರಡನೇ ಮದುವೆಯ ಅವಕಾಶವಿತ್ತು. ನೀವು ಅದನ್ನು ಅಲ್ಲಗಳೆಯಬೇಡಿ. "ಹೌದು, ಅದು ಆ ಸಂಹಿತೆಯ ದೋಷ. ನಾನು ಕೇಳುತ್ತಿರುವುದು ಅಂಥ ವಿನಾಯಿತಿಯೇ ಇಲ್ಲದ ಕಾನೂನು" ಅನ್ನಿ. ಒಪ್ಪಿಕೊಂಡು ಮುಂದೆ ಹೋಗುವ ಮರುವಾದವೇ ಗಟ್ಟಿ.

ಕಷ್ಟದ ಪ್ರಶ್ನೆ ಬುಡಕಟ್ಟುಗಳದ್ದು. ಹಿಂದೂ ವಿವಾಹ ಕಾಯ್ದೆಯ 2(2)ನೇ ಕಲಂ ಪ್ರಕಾರ, ಕೇಂದ್ರ ಅಧಿಸೂಚನೆ ಹೊರಡಿಸದ ಹೊರತು ಅದು ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸದು. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳ ಮದುವೆ ಪದ್ಧತಿ ಏನಾಗಬೇಕು ಅಂತ ಕೇಳಿದರೆ? ಉತ್ತರಾಖಂಡದ 2024ರ ಸಂಹಿತೆ ಪರಿಶಿಷ್ಟ ಪಂಗಡಗಳನ್ನು ಹೊರಗಿಟ್ಟಿದೆ. ನೀವೂ ಹೊರಗಿಟ್ಟರೆ "ಹಾಗಾದರೆ ಏಕರೂಪ ಎಲ್ಲಿ?" ಅನ್ನುತ್ತಾರೆ, ಸೇರಿಸಿದರೆ ಅವರ ಸಂಪ್ರದಾಯ ಅಳಿಸಿದ ಆರೋಪ. ನನ್ನ ಪ್ರಕಾರ ಇಲ್ಲಿ ಮದುವೆ ಶಾಸ್ತ್ರವನ್ನೂ ಹಕ್ಕನ್ನೂ ಬೇರೆ ಮಾಡಿ: ಶಾಸ್ತ್ರ ಅವರವರದು, ಮದುವೆ ವಯಸ್ಸು, ಜೀವನಾಂಶ, ಆಸ್ತಿಪಾಲು ಎಲ್ಲರಿಗೂ ಒಂದೇ.

1948ರಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್, ಸಂಹಿತೆ ಮೊದಲಿಗೆ ಸ್ವಇಚ್ಛೆಯಿಂದ ಒಪ್ಪಿದವರಿಗಷ್ಟೇ ಅನ್ವಯಿಸಬಹುದು ಅಂದಿದ್ದರು. "ಹೇರಿಕೆ" ಅಂತ ಆಕ್ಷೇಪ ಬಂದಾಗ ಇದನ್ನು ಬಳಸಿ.