ಹಿಂಬೆಳಕಿನ ಫೋಟೋದಲ್ಲಿ ಮುಖ ಬದಲಿಸುವಾಗ ಅಂಚಿನ ಬೆಳಕು

«ಸೂರ್ಯ ಹಿಂದಿರುವ ಗ್ರೂಪ್ ಫೋಟೋ. ಒಬ್ಬರು ಕಣ್ಣು ಮುಚ್ಚಿದ್ದಾರೆ. ಬೇರೆ ಶಾಟ್‌ನಿಂದ ಅವರದೇ ಮುಖ ತಂದು ಫೋಟೋಶಾಪ್‌ನಲ್ಲಿ ಕೂರಿಸಿದರೆ ಅಂಟಿಸಿದ ಹಾಗೆ ಕಾಣುತ್ತೆ. ಕೂದಲು, ಕೆನ್ನೆಯ ಹೊಳೆಯುವ ಅಂಚೂ ಹೋಗುತ್ತೆ. ಏನು ಮಾಡಲಿ?»

ನೀವು ಬಹುಶಃ ಇಡೀ ತಲೆಯನ್ನೇ ತಂದಿದ್ದೀರಿ, ಹೊಳೆಯುವ ಅಂಚು ಅದರಡಿ ಮುಚ್ಚಿಹೋಗಿದೆ. ಮೂಲದ ಕೂದಲು, ಕಿವಿ, ಅಂಚು ಹಾಗೇ ಇರಲಿ. ಹುಬ್ಬಿನಿಂದ ಗಲ್ಲದವರೆಗಿನ ಒಳಭಾಗ ಮಾತ್ರ ಸಾಕು. ಮಾಸ್ಕ್ ಅನ್ನು ಹೊಳಪಿನ ಗೆರೆಗಿಂತ ಸ್ವಲ್ಪ ಒಳಗೇ, ಮೃದುವಾದ ಬ್ರಷ್‌ನಿಂದ ಮುಗಿಸಿ.

ಆಮೇಲೆ ಟೋನ್. ಹಿಂಬೆಳಕಿನಲ್ಲಿ ಮುಖ ಕತ್ತಲಾಗಿರುವುದಷ್ಟೇ ಅಲ್ಲ, ಲೆನ್ಸ್‌ಗೆ ನೇರ ಬೆಳಕು ಬಿದ್ದು ಕಪ್ಪೂ ಮಂಜು ಕವಿದಂತೆ ಬೂದಾಗಿರುತ್ತದೆ. ಹೊಸ ಮುಖಕ್ಕೆ ಮಾತ್ರ ಅನ್ವಯಿಸುವ Curves ಹಾಕಿ, ಮಧ್ಯಭಾಗ ಇಳಿಸಿ, ಕಪ್ಪಿನ ತುದಿ ಸ್ವಲ್ಪ ಎತ್ತಿ. ಮೂಲದ ಕತ್ತಿನ ಚರ್ಮಕ್ಕೆ ಹೋಲಿಸುತ್ತಾ ಹೋಗಿ. ಹೆಚ್ಚಿನವರು ಎಡವುವುದು ಇಲ್ಲೇ.

ಕೆನ್ನೆಯ ಅಂಚು ಇನ್ನೂ ಮುಚ್ಚಿದ್ದರೆ ಮೂಲ ಲೇಯರ್‌ನ ನಕಲನ್ನು ಎಲ್ಲಕ್ಕಿಂತ ಮೇಲಿಡಿ. Blending Options ತೆರೆದು Blend If ಕೆಳಗಿನ This Layer ಸಾಲಿನಲ್ಲಿ ಕಪ್ಪು ಸ್ಲೈಡರ್ ಬಲಕ್ಕೆ ಎಳೆಯಿರಿ. ಕತ್ತಲ ಮುಖ ಮಾಯವಾಗಿ ಹೊಳಪು ಮಾತ್ರ ಉಳಿಯುತ್ತದೆ. Alt ಒತ್ತಿ ಎಳೆದರೆ ಸ್ಲೈಡರ್ ಎರಡಾಗಿ ಒಡೆದು ಅಂಚು ಮೃದುವಾಗುತ್ತದೆ. ಹಳೆಯ ಮೂಗಿನ ತುದಿಯ ಹೊಳಪೂ ಉಳಿದರೆ ಮಾಸ್ಕ್‌ನಿಂದ ಅಳಿಸಿ.

ತಂದ ಮುಖದಲ್ಲಿ ಮೂಗಿನ ನೆರಳು ಒಂದು ಕಡೆಗೆ ಗಟ್ಟಿಯಾಗಿ ಬಿದ್ದಿದ್ದರೆ ಇದ್ಯಾವುದೂ ಕೂಡುವುದಿಲ್ಲ. ಆಗ ಅದೇ ಜಾಗ, ಅದೇ ಹೊತ್ತಿನ ಬೇರೆ ಶಾಟ್ ಹುಡುಕಿ.